ಒಂಬೈನೂರು ಡಿಗ್ರಿಯಲ್ಲಿ ಒಂದು ಬುಟ್ಟಿ: ಆಕ್ಸೈಡ್ ಪದರವನ್ನು ತೂಗಿ ನೋಡಿದ ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಉಕ್ಕಿನ ಬಿಡಿಭಾಗಗಳನ್ನು ಕಾಯಿಸಿ ಹದಮಾಡುವ ಒಂದು ಘಟಕದಲ್ಲಿ ನಾನು ಲೋಹತಜ್ಞನಾಗಿದ್ದಾಗ, ಅವನ್ನು ಕಾಯಿಸಿ ಹೊರಗಾಳಿಯಲ್ಲಿ ಆರಲು ಬಿಡುವ ನಾರ್ಮಲೈಸಿಂಗ್ ಕೆಲಸದ ಕುಲುಮೆಗೆ ಬಳಸುತ್ತಿದ್ದ 304 ಸ್ಟೇನ್‌ಲೆಸ್ ಸ್ಟೀಲ್‌ನ ಬುಟ್ಟಿಯೊಂದು ಎಂಟು ತಿಂಗಳಲ್ಲೇ ಕೆಲಸಕ್ಕೆ ಬಾರದಂತಾಯಿತು. 8 ಮಿಲಿಮೀಟರ್ ದಪ್ಪವಿದ್ದ ಸರಳುಗಳು ಕೆಲವೆಡೆ 7ಕ್ಕೆ ಇಳಿದಿದ್ದವು; ಮುಟ್ಟಿದರೆ ಕಪ್ಪು ಹಕ್ಕಳೆಗಳು ಉದುರುತ್ತಿದ್ದವು. ಕುಲುಮೆ 900 ಡಿಗ್ರಿ ಸೆಲ್ಸಿಯಸ್‌ನಲ್ಲಿತ್ತು. ಈ ಉಕ್ಕು 925 ಡಿಗ್ರಿಯವರೆಗೂ ತಾಳುತ್ತದೆ ಎಂದು ಕೈಪಿಡಿಯಲ್ಲಿ ಇದ್ದುದರಿಂದ, ಬುಟ್ಟಿಗೆ ಅಗ್ಗದ ಉಕ್ಕು ಹಾಕಿರಬೇಕೆಂದು ಎಲ್ಲರೂ ಶಂಕಿಸಿದರು. ರಾಸಾಯನಿಕ ಪರೀಕ್ಷೆಯಲ್ಲಿ 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್ ಸರಿಯಾಗಿಯೇ ಬಂದಾಗ, ಉತ್ಕರ್ಷಣದ ವೇಗವನ್ನು ನಾನೇ ಅಳೆದು ನೋಡುವುದೆಂದು ನಿರ್ಧರಿಸಿದೆ.

ಇಂಥ ಉಕ್ಕನ್ನು ಕಾಪಾಡುವುದು ಅದರ ಮೈಮೇಲೆ ತಾನಾಗಿ ಬೆಳೆಯುವ ಕ್ರೋಮಿಯಂ ಆಕ್ಸೈಡ್ ಪದರ. ಪದರ ಬೆಳೆಯಬೇಕಾದರೆ ಅಯಾನುಗಳು ಅದನ್ನೇ ದಾಟಿ ಸಾಗಬೇಕು. ಪದರ ದಪ್ಪವಾದಷ್ಟೂ ಹಾದಿ ಉದ್ದವಾಗುವುದರಿಂದ ಬೆಳವಣಿಗೆ ನಿಧಾನವಾಗುತ್ತದೆ. ಬೆಳೆಯುವ ವೇಗವು ಆಗಿನ ದಪ್ಪಕ್ಕೆ ವಿಲೋಮವಾಗಿದ್ದರೆ, ದಪ್ಪದ ವರ್ಗವು ಕಾಲಕ್ಕೆ ನೇರ ಅನುಪಾತದಲ್ಲಿರುತ್ತದೆ. ಇದೇ ಪರವಲಯ ನಿಯಮ. 1933ರಲ್ಲಿ ಜರ್ಮನ್ ರಸಾಯನವಿಜ್ಞಾನಿ ಕಾರ್ಲ್ ವಾಗ್ನರ್ ಅಯಾನುಗಳ ಸಂಚಾರದಿಂದ ಇದನ್ನು ಸಿದ್ಧಾಂತವಾಗಿ ವಿವರಿಸಿದರು. ದಪ್ಪದ ಬದಲು ತೂಕವನ್ನು ಅಳೆಯುವುದು ಸುಲಭವಾದ್ದರಿಂದ ಪ್ರಯೋಗದಲ್ಲಿ ಬಳಸುವ ರೂಪ ಹೀಗಿರುತ್ತದೆ:

(Δm/A)² = kp·t

ಇಲ್ಲಿ Δm ಹೀರಿಕೊಂಡ ಆಮ್ಲಜನಕದ ತೂಕ, A ತುಣುಕಿನ ಮೇಲ್ಮೈ, t ಕಾಲ, kp ಆ ಲೋಹಕ್ಕೆ ಆ ತಾಪದಲ್ಲಿ ಸಲ್ಲುವ ಸ್ಥಿರಾಂಕ.

ಅದೇ ದರ್ಜೆಯ ತಗಡಿನಿಂದ 20 × 15 × 2 ಮಿಲಿಮೀಟರ್ ಅಳತೆಯ ತುಣುಕುಗಳನ್ನು ಕತ್ತರಿಸಿ, 600 ಸಂಖ್ಯೆಯ ಎಮರಿ ಕಾಗದದಿಂದ ಉಜ್ಜಿ, ಅಂಚುಗಳನ್ನು ಮೊಂಡಾಗಿಸಿ, ಅಸಿಟೋನಿನಲ್ಲಿ ತೊಳೆದೆ. ಚೂಪಾದ ಅಂಚಿನಲ್ಲಿ ಪದರ ಮೊದಲು ಒಡೆಯುತ್ತದೆ, ಬೆರಳಿನ ಬೆವರಿನ ಉಪ್ಪು ಪದರವನ್ನು ಕೆಡಿಸುತ್ತದೆ. ಹಾಗಾಗಿ ತೊಳೆದ ಮೇಲೆ ಚಿಮಟದಿಂದಲ್ಲದೆ ಮುಟ್ಟಲಿಲ್ಲ. ಪ್ರತಿ ತುಣುಕಿನ ಮೇಲ್ಮೈ 7.4 ಚದರ ಸೆಂಟಿಮೀಟರ್, ತಕ್ಕಡಿಯ ಸೂಕ್ಷ್ಮತೆ 0.1 ಮಿಲಿಗ್ರಾಂ. ಮಫಲ್ ಕುಲುಮೆಯ ಫಲಕ 900 ಎಂದು ತೋರಿಸುತ್ತಿದ್ದಾಗ ತುಣುಕಿನ ಪಕ್ಕದಲ್ಲಿಟ್ಟ ಕೆ-ಮಾದರಿಯ ಥರ್ಮೋಕಪಲ್ 880 ಎನ್ನುತ್ತಿತ್ತು. ಈ ತಾಪದಲ್ಲಿ 20 ಡಿಗ್ರಿ ಹೆಚ್ಚಾದರೆ kp ಸುಮಾರು ಒಂದೂವರೆ ಪಟ್ಟಾಗುವುದರಿಂದ, ನಾನು ಫಲಕವನ್ನು ನಂಬದೆ ಥರ್ಮೋಕಪಲ್ಲನ್ನೇ ಅನುಸರಿಸಿದೆ.

ಇಷ್ಟು ಎಚ್ಚರ ವಹಿಸಿಯೂ ಮೊದಲ ಪ್ರಯೋಗ ಹಾಳಾಯಿತು. ಒಂದೇ ತುಣುಕನ್ನು ನಾಲ್ಕು ನಾಲ್ಕು ಗಂಟೆಗೊಮ್ಮೆ ಹೊರತೆಗೆದು, ತಣ್ಣಗೆ ಆರಿಸಿ, ತೂಗಿ, ಮತ್ತೆ ಒಳಗಿಡುತ್ತಿದ್ದೆ. ತೂಕ ಆರನೆಯ ಸಲದವರೆಗೆ ಏರಿ, ಅನಂತರ ಇಳಿಯತೊಡಗಿತು. ಉತ್ಕರ್ಷಣವಾಗುತ್ತಿರುವ ಲೋಹದ ತೂಕ ಇಳಿಯುವುದನ್ನು ಕಂಡು ತಕ್ಕಡಿಯೇ ಕೆಟ್ಟಿದೆಯೆಂದು ಭಾವಿಸಿ ಎರಡು ದಿನ ಅದರ ಹಿಂದೆ ಬಿದ್ದೆ. ಕುಲುಮೆಯ ಇಟ್ಟಿಗೆಯ ಮೇಲೆ ಬಿದ್ದಿದ್ದ ನವಿರಾದ ಪುಡಿ ಕಣ್ಣಿಗೆ ಬಿದ್ದದ್ದು ಆಮೇಲೆ. ತೂಗಲೆಂದು ಆರಿಸಿದಾಗಲೆಲ್ಲ ನಾನೇ ಪದರವನ್ನು ಒಡೆಯುತ್ತಿದ್ದೆ.

ಎರಡನೆಯ ಸಲ ಪ್ರತಿ ಅವಧಿಗೂ ಬೇರೆ ತುಣುಕನ್ನಿಟ್ಟೆ, ಅದನ್ನು ಒಮ್ಮೆ ಮಾತ್ರ ಆರಿಸಿದೆ. ಉದುರಿದ ಹಕ್ಕಳೆಯೂ ಲೆಕ್ಕಕ್ಕೆ ಸಿಗಲೆಂದು ಪ್ರತಿ ತುಣುಕನ್ನೂ ಅಲ್ಯುಮಿನಾ ಮೂಸೆಯೊಳಗಿಟ್ಟೆ. ಹೊಸ ಮೂಸೆಯನ್ನು ತೂಕ ಬದಲಾಗದಷ್ಟು ಕಾಲ ಮೊದಲೇ ಸುಟ್ಟುಕೊಳ್ಳದಿದ್ದರೆ ಅದರೊಳಗಿನ ತೇವವೇ ಲೆಕ್ಕ ತಪ್ಪಿಸುತ್ತದೆ. ತುಣುಕುಗಳ ತೂಕ 4 ಗಂಟೆಗೆ 0.8, 25 ಗಂಟೆಗೆ 1.6, 49 ಗಂಟೆಗೆ 2.2, 100 ಗಂಟೆಗೆ 3.1 ಮಿಲಿಗ್ರಾಂ ಏರಿತ್ತು. 25ರಿಂದ 100 ಗಂಟೆಗೆ ಕಾಲ ನಾಲ್ಕು ಪಟ್ಟಾದಾಗ ತೂಕ ಸುಮಾರು ಎರಡು ಪಟ್ಟಾಗಿತ್ತು. ಪರವಲಯ ನಿಯಮ ಹೇಳುವುದೂ ಅದನ್ನೇ. 4 ಗಂಟೆಯ ಬಿಂದು ಮಾತ್ರ ಗೆರೆಗಿಂತ ತುಸು ಮೇಲಿತ್ತು. ಕ್ರೋಮಿಯಂ ಆಕ್ಸೈಡ್ ಇಡೀ ಮೈಯನ್ನು ಮುಚ್ಚುವ ಮುನ್ನ ಕಬ್ಬಿಣವೂ ಒಂದಿಷ್ಟು ಉತ್ಕರ್ಷಣಗೊಳ್ಳುತ್ತದೆ. ಆ ಆರಂಭದ ಗೊಂದಲವನ್ನು ನಿಯಮಕ್ಕೆ ಬಲವಂತವಾಗಿ ಒಗ್ಗಿಸಬಾರದು.

ಇದರಿಂದ ಬಂದ kp ಗಂಟೆಗೆ 0.0018 mg²/cm⁴. ಬುಟ್ಟಿಯು ಎಂಟು ತಿಂಗಳಲ್ಲಿ ಸುಮಾರು 1600 ಗಂಟೆ ಕಾದಿತ್ತು. ಅಷ್ಟು ಕಾಲಕ್ಕೆ ಲೆಕ್ಕ ಹಾಕಿದರೆ ತೂಕದ ಏರಿಕೆ ಚದರ ಸೆಂಟಿಮೀಟರಿಗೆ 1.7 ಮಿಲಿಗ್ರಾಂ, ಎಂದರೆ ಹತ್ತು ಮೈಕ್ರಾನ್ ದಪ್ಪದ ಆಕ್ಸೈಡ್. ಅದಕ್ಕಾಗಿ ಖರ್ಚಾಗುವ ಲೋಹ ಸುಮಾರು ಐದು ಮೈಕ್ರಾನ್. ಆದರೆ ಸರಳು ಪ್ರತಿ ಬದಿಯಲ್ಲೂ ಕಳೆದುಕೊಂಡದ್ದು ಅರ್ಧ ಮಿಲಿಮೀಟರ್, ಅಂದರೆ ನೂರು ಪಟ್ಟು. ನೂರು ಪಟ್ಟಿನ ಅಂತರವು ಅಳತೆಯ ದೋಷದಿಂದ ಬರುವಂಥದ್ದಲ್ಲ. ಬುಟ್ಟಿಯ ಮಟ್ಟಿಗೆ ಆ ನಿಯಮವೇ ಎಲ್ಲೋ ಮುರಿದುಬಿದ್ದಿತ್ತು, ಮತ್ತು ಎಲ್ಲಿ ಎಂಬುದನ್ನು ನನ್ನ ಹಾಳಾದ ಮೊದಲ ಪ್ರಯೋಗವೇ ತೋರಿಸಿಕೊಟ್ಟಿತ್ತು.

ಆದ್ದರಿಂದ ಆ ತಪ್ಪನ್ನೇ ಈ ಬಾರಿ ಬೇಕೆಂದೇ ಮಾಡಿದೆ. ಒಂದು ತುಣುಕನ್ನು ಮೂಸೆಯೊಂದಿಗೆ ನಾಲ್ಕು ಗಂಟೆ ಕಾಯಿಸಿ, ಬುಟ್ಟಿಯಂತೆಯೇ ಹೊರಗಾಳಿಯಲ್ಲಿ ಆರಿಸಿ, ತುಣುಕನ್ನೂ ಉದುರಿದ ಹಕ್ಕಳೆಯನ್ನೂ ಬೇರೆ ಬೇರೆ ತೂಗುತ್ತಾ ಹೋದೆ. ಇಪ್ಪತ್ತೈದು ಆವರ್ತನಗಳ ಕೊನೆಗೆ, ಎಂದರೆ ಅದೇ 100 ಗಂಟೆಗಳ ಕಾವಿಗೆ, ತುಣುಕು 6 ಮಿಲಿಗ್ರಾಂ ಕಳೆದುಕೊಂಡಿತ್ತು, ಮೂಸೆಯಲ್ಲಿ 14 ಮಿಲಿಗ್ರಾಂ ಹಕ್ಕಳೆ ಇತ್ತು. ಎರಡನ್ನೂ ಕೂಡಿಸಿ ನೋಡಿದರೆ ಹೀರಿಕೊಂಡ ಆಮ್ಲಜನಕ 8 ಮಿಲಿಗ್ರಾಂ. ನಡುವೆ ಆರಿಸದೆ ಇಟ್ಟ ತುಣುಕಿನಲ್ಲಿ ಅದು 3.1 ಮಾತ್ರ.

ಕಾರಣ ಹಿಗ್ಗುವಿಕೆಯಲ್ಲಿದೆ. 900 ಡಿಗ್ರಿಯಿಂದ ಕೋಣೆಯ ತಾಪಕ್ಕೆ ಇಳಿಯುವಾಗ ಈ ಉಕ್ಕು ತನ್ನ ಮೇಲಿನ ಆಕ್ಸೈಡಿಗಿಂತ ಮೀಟರಿಗೆ ಸುಮಾರು 9 ಮಿಲಿಮೀಟರ್ ಹೆಚ್ಚು ಕುಗ್ಗುತ್ತದೆ. ಪದರವು ಒತ್ತಡಕ್ಕೆ ಸಿಕ್ಕಿ ಉಬ್ಬಿ ಸಿಡಿಯುತ್ತದೆ, ಬೆತ್ತಲಾದ ಜಾಗದಲ್ಲಿ ಬೆಳವಣಿಗೆ ಮತ್ತೆ ಮೊದಲ ಗಂಟೆಯ ವೇಗದಿಂದ ಆರಂಭವಾಗುತ್ತದೆ. ಕೈಪಿಡಿಯ 925 ಡಿಗ್ರಿ ಎಡೆಬಿಡದೆ ಕಾಯುವ ಕೆಲಸಕ್ಕೆ ಹೇಳಿದ್ದು. ಕಾದು ಆರುವ ಕೆಲಸಕ್ಕೆ 304ರ ಮಿತಿ 870 ಎಂಬ ಸಾಲು ಅದೇ ಪುಟದಲ್ಲಿತ್ತು, ನಾವು ಓದಿರಲಿಲ್ಲ. ನಿಕ್ಕಲ್ ಇಲ್ಲದ 430 ದರ್ಜೆಗೆ ಇದು ತಿರುಗುಮುರುಗು: ಅದರ ಹಿಗ್ಗುವಿಕೆ ಕಡಿಮೆಯಾದ್ದರಿಂದ ಎಡೆಬಿಡದ ಕೆಲಸಕ್ಕೆ 815, ಕಾದು ಆರುವ ಕೆಲಸಕ್ಕೆ 870 ಎಂದಿರುತ್ತದೆ.

ಆದರೆ ಹಕ್ಕಳೆ ಏಳುವುದೊಂದರಿಂದಲೇ ನೂರು ಪಟ್ಟು ಆಗುವುದಿಲ್ಲವಾದ್ದರಿಂದ ಪ್ರಯೋಗವನ್ನು ಮುಂದುವರಿಸಿದೆ. ನಲವತ್ತನೆಯ ಆವರ್ತನದ ಹೊತ್ತಿಗೆ ನಷ್ಟ 15 ಮಿಲಿಗ್ರಾಂ, ಅರವತ್ತಕ್ಕೆ 68. ಪ್ರತಿ ಹಕ್ಕಳೆಯೂ ಉಕ್ಕಿನ ಮೇಲ್ಭಾಗದ ಕ್ರೋಮಿಯಂ ಅನ್ನು ಕೊಂಡೊಯ್ಯುತ್ತದೆ. ಒಳಗಿನಿಂದ ಅದು ಬಂದು ಸೇರುವುದಕ್ಕಿಂತ ಬೇಗ ಹೊರಗೆ ಖಾಲಿಯಾದರೆ, ಹೊಸ ಪದರವನ್ನು ಕಟ್ಟಲು ಸಾಕಷ್ಟು ಕ್ರೋಮಿಯಂ ಉಳಿಯುವುದಿಲ್ಲ. ಆಗ ಕಬ್ಬಿಣದ ಆಕ್ಸೈಡ್ ಬೆಳೆಯತೊಡಗುತ್ತದೆ, ಅದು ತಡೆಯಾಗುವಷ್ಟು ಬಿಗಿಯಾಗಿರುವುದಿಲ್ಲ. ಈ ತಿರುವನ್ನು ಗುರುತಿಸಲು ನನಗೆ ಒದಗಿದ್ದು ಒಂದು ಅಯಸ್ಕಾಂತ. ಮೊದಮೊದಲ ಬೂದು-ಹಸಿರು ಪುಡಿ ಅದರ ಕಡೆ ಸುಳಿಯುತ್ತಿರಲಿಲ್ಲ. ನಲವತ್ತರ ಆಚೆಯ ಕಪ್ಪು ಹಕ್ಕಳೆಗಳು ಹಾರಿ ಅಂಟಿಕೊಂಡವು. ಬುಟ್ಟಿಯಿಂದ ಉದುರಿದವೂ ಹಾಗೆಯೇ ಅಂಟಿಕೊಂಡವು.

25 ಪ್ರತಿಶತ ಕ್ರೋಮಿಯಂ, 20 ಪ್ರತಿಶತ ನಿಕ್ಕಲ್ ಇರುವ 310 ದರ್ಜೆಯ ತುಣುಕು ಅದೇ ಅರವತ್ತು ಆವರ್ತನಗಳ ನಂತರವೂ ತೂಕದಲ್ಲಿ ಏರುತ್ತಲೇ ಇತ್ತು, ಮೂಸೆಯಲ್ಲಿ ತೂಗಲು ಸಿಗುವಷ್ಟು ಪುಡಿ ಇರಲಿಲ್ಲ. ಬುಟ್ಟಿಯನ್ನು ಅದರಲ್ಲೇ ಮಾಡಿಸಿದೆವು. ಆದರೂ ಮಫಲ್ ಕುಲುಮೆಯ ಒಣಗಾಳಿ ಬೇರೆ, ಎಣ್ಣೆ ಮೆತ್ತಿದ ಬಿಡಿಭಾಗಗಳ ಹೊಗೆಯೂ ನೀರಾವಿಯೂ ತುಂಬಿದ ದೊಡ್ಡ ಕುಲುಮೆ ಬೇರೆ. ಹಾಗಾಗಿ ಹೊಸ ಬುಟ್ಟಿಯ ಮೂಲೆಯಲ್ಲಿ ತೂಗಿದ ಒಂದು ತುಣುಕನ್ನು ತಂತಿಯಿಂದ ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ತೂಗಿ, ಉದುರಿದ ಪುಡಿಯ ಮೇಲೆ ಅಯಸ್ಕಾಂತ ಆಡಿಸಿ ನೋಡುವ ಕ್ರಮವನ್ನು ಇಟ್ಟುಕೊಂಡೆವು.