ಇಬ್ಬರಿಗೂ 14, ಆದರೆ ಇಬ್ಬರ ಕಲಿಕೆ ಒಂದೇ ಅಲ್ಲ

ಬೆಂಗಳೂರಿನ ರಾಜಾಜಿನಗರದ ಕಡೆಯ ಒಂದು ಶಾಲೆಯಲ್ಲಿ ನಾನು ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಪೋಷಕರ ಸಭೆಯಲ್ಲಿ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: "ಮಿಸ್, ಕ್ಲಾಸಿಗೆ ಎಷ್ಟನೆಯವನು?" ಮಗುವಿಗೆ ಏನು ಬರುತ್ತದೆ ಎಂದು ಕೇಳುವವರು ಕಡಿಮೆ. ಅದಕ್ಕೆ ಪೋಷಕರನ್ನು ದೂರುವ ಹಾಗಿಲ್ಲ. ನಾವು ಕೊಡುತ್ತಿದ್ದ ಅಂಕಪಟ್ಟಿಯಲ್ಲಿ ಒಟ್ಟು ಅಂಕ, ರ‍್ಯಾಂಕ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಮಗುವನ್ನು ಉಳಿದ ಮಕ್ಕಳ ಜೊತೆ ಹೋಲಿಸಿ ಅಳೆಯುವುದು ನಾರ್ಮ್ ರೆಫರೆನ್ಸ್ಡ್ ಪದ್ಧತಿ. ಮೊದಲೇ ಬರೆದಿಟ್ಟ ಒಂದು ಗುರಿಯ ಜೊತೆ ಹೋಲಿಸಿ ಅಳೆಯುವುದು ಕ್ರೈಟೀರಿಯನ್ ರೆಫರೆನ್ಸ್ಡ್ ಪದ್ಧತಿ. ಈ ಎರಡನೆಯದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ ಕಲಿಯಲ್ಲಿ ಮಗು ಕಲಿಕಾ ಏಣಿಯ ಒಂದೊಂದೇ ಮೈಲಿಗಲ್ಲು ದಾಟಿಕೊಂಡು ಹೋಗುತ್ತದೆ. ಪಕ್ಕದ ಮಗು ಎಲ್ಲಿದೆ ಅನ್ನುವುದಕ್ಕೆ ಅಲ್ಲಿ ಲೆಕ್ಕವಿಲ್ಲ. ನಾನು ಅದನ್ನೇ ಏಳನೇ ತರಗತಿಯ ಭಿನ್ನರಾಶಿಗೆ ತಂದೆ.

ಪಾಠವನ್ನು ಐದು ಕೌಶಲಗಳಾಗಿ ಒಡೆದೆ. ಸಮಾನ ಭಿನ್ನರಾಶಿ ಬರೆಯುವುದು, ಎರಡು ಭಿನ್ನರಾಶಿಗಳಲ್ಲಿ ದೊಡ್ಡದು ಯಾವುದು ಎಂದು ಹೇಳುವುದು, ಛೇದ ಒಂದೇ ಇದ್ದಾಗ ಕೂಡಿಸಿ ಕಳೆಯುವುದು, ಛೇದ ಬೇರೆ ಇದ್ದಾಗ ಕೂಡಿಸಿ ಕಳೆಯುವುದು, ಕೊನೆಗೆ ಹೇಳಿಕೆ ಲೆಕ್ಕ. ಒಂದೊಂದಕ್ಕೆ ನಾಲ್ಕು ಪ್ರಶ್ನೆ, ಪ್ರಶ್ನೆಗೆ ಒಂದು ಅಂಕ, ಒಟ್ಟು 20. ನಾಲ್ಕರಲ್ಲಿ ಮೂರು ಸರಿಯಾದರೆ ಆ ಕೌಶಲ "ಬರುತ್ತದೆ" ಎಂದು ಗುರುತು. ನಾಲ್ಕಕ್ಕೆ ನಾಲ್ಕು ಕೇಳಿದರೆ ಒಂದು ಕೈತಪ್ಪಿಗೆ ಮಗು ಬಿದ್ದುಹೋಗುತ್ತದೆ. ಎರಡು ಸಾಕು ಅಂದರೆ ಅಂದಾಜಿನಲ್ಲಿ ಬರೆದವರೂ ದಾಟಿಬಿಡುತ್ತಾರೆ.

ಆ ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಮತ್ತು ಒಬ್ಬ ಹುಡುಗ ಇಬ್ಬರೂ 14 ತೆಗೆದುಕೊಂಡರು. ರ‍್ಯಾಂಕ್ ಹಾಕಿದ್ದರೆ ಇಬ್ಬರೂ 11ನೆಯವರು. ಹುಡುಗಿಯ ಅಂಕ ಕೌಶಲವಾರು 4, 4, 4, 1, 1. ಮೊದಲ ಮೂರು ಗಟ್ಟಿ. ಆದರೆ ಛೇದ ಬೇರೆಯಾದ ಕೂಡಲೇ 1/2 + 1/3 = 2/5 ಎಂದು ಬರೆದಿದ್ದಳು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಳು. ಇದು ಅಜಾಗರೂಕತೆಯಲ್ಲ. ಛೇದವನ್ನು ಯಾಕೆ ಸಮ ಮಾಡಬೇಕು ಅನ್ನುವುದೇ ಅವಳಿಗೆ ಹೊಳೆದಿರಲಿಲ್ಲ.

ಹುಡುಗನದು 3, 3, 2, 3, 3. ನನ್ನ ನಿಯಮದ ಪ್ರಕಾರ ಅವನಿಗೆ ಛೇದ ಒಂದೇ ಇರುವ ಲೆಕ್ಕ ಬರುವುದಿಲ್ಲ, ಛೇದ ಬೇರೆ ಇರುವ ಲೆಕ್ಕ ಬರುತ್ತದೆ! ಹಾಗಾಗಲು ಸಾಧ್ಯವೇ ಇಲ್ಲ. ಸುಲಭದ್ದು ತಪ್ಪಿ ಕಷ್ಟದ್ದು ಸರಿಯಿದ್ದರೆ ಗುರುತು ಹಾಕುವ ಮುಂಚೆ ಉತ್ತರಪತ್ರಿಕೆ ತೆರೆದು ನೋಡಬೇಕು. ನೋಡಿದರೆ ಎರಡು ಕಡೆ ಕಳೆಯುವ ಚಿಹ್ನೆಯನ್ನು ಕೂಡಿಸುವುದು ಎಂದು ಓದಿಕೊಂಡಿದ್ದ. ಹತ್ತಿರ ಕರೆದು ಬಾಯಲ್ಲೇ ಎರಡು ಲೆಕ್ಕ ಕೊಟ್ಟೆ, ತಟಕ್ಕನೆ ಹೇಳಿದ. ಹುಡುಗಿಗೆ ಬೇಕಾದದ್ದು ಹೊಸದಾಗಿ ಪಾಠ, ಇವನಿಗೆ ಬೇಕಾದದ್ದು ಬರೆದಮೇಲೆ ಒಮ್ಮೆ ನೋಡಿಕೊಳ್ಳುವ ಅಭ್ಯಾಸ. 14 ಅನ್ನುವ ಅಂಕಿ ಇವೆರಡನ್ನೂ ಮುಚ್ಚಿಹಾಕುತ್ತದೆ.

ಹುಡುಗಿಗೆ ಕಾಗದದ ಪಟ್ಟಿ ಮಡಿಸಿ ಛೇದ ಸಮ ಮಾಡುವುದನ್ನು ತೋರಿಸಿದೆ. ಕೆಲವು ವಾರ ಬಿಟ್ಟು ಅದೇ ಮಟ್ಟದ ಇನ್ನೊಂದು ಪರೀಕ್ಷೆ ಕೊಟ್ಟಾಗ ಅವಳು 4, 4, 4, 4, 1, ಅಂದರೆ 17. ಆದರೆ ತರಗತಿಯಲ್ಲಿ ಬಹಳ ಮಕ್ಕಳು ಮುಂದೆ ಹೋಗಿದ್ದರಿಂದ ರ‍್ಯಾಂಕ್ ಲೆಕ್ಕದಲ್ಲಿ 14ನೆಯವಳು. ಅವಳ ಅಮ್ಮ ಬೇರೆ ಮಕ್ಕಳ ಅಂಕ ಕೇಳಿಕೊಂಡು ತಾವೇ ಎಣಿಸಿಕೊಂಡು ಬಂದಿದ್ದರು. "ಟ್ಯೂಷನ್ ಹಾಕಿದ್ರೂ ಕೆಳಗೆ ಹೋಗಿದ್ದಾಳಲ್ಲ ಮಿಸ್" ಅಂದರು. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನಾಲ್ಕನೇ ಸಾಲು ತೋರಿಸಿದೆ. ಆಗ 1, ಈಗ 4. ಅವರು ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಈಗ ಹೇಳಿಕೆ ಲೆಕ್ಕ ಒಂದೇ ಬಾಕಿ, ಅಲ್ವಾ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು. ಟ್ಯೂಷನ್‌ನಲ್ಲಿ ಯಾವುದರ ಮೇಲೆ ಕೂರಿಸಬೇಕು ಅನ್ನುವುದು ಅವರಿಗೇ ತಿಳಿದುಹೋಗಿತ್ತು.

ಇದರ ತಿರುವು ಮುರುವು ಕೂಡ ಆಗುತ್ತದೆ. ಪಕ್ಕದ ಸೆಕ್ಷನ್‌ನಲ್ಲಿ ಮೊದಲ ಸ್ಥಾನದ ಹುಡುಗಿಯದು 4, 4, 4, 3, 1, ಒಟ್ಟು 16. ಅವರಪ್ಪನಿಗೆ ಫಸ್ಟ್ ಅನ್ನುವುದೇ ಸಾಕಾಗಿತ್ತು. ಆದರೆ "ಅರ್ಧ ಲೀಟರ್ ಹಾಲಿನಲ್ಲಿ 1/3 ಲೀಟರ್ ಕಾಫಿಗೆ ಹೋಯಿತು, ಉಳಿದದ್ದೆಷ್ಟು" ಎಂದರೆ ಅವಳಿಗೆ ಕೂಡಿಸಬೇಕೋ ಕಳೆಯಬೇಕೋ ತಿಳಿಯುತ್ತಿರಲಿಲ್ಲ. ಇಡೀ ಸೆಕ್ಷನ್ ಹಿಂದಿರುವಾಗ ಫಸ್ಟ್ ಬಂದರೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಪದ್ಧತಿ ನಿಂತಿರುವುದು ಪ್ರಶ್ನೆಗಳ ಮೇಲೆ. ಛೇದ ಬೇರೆ ಇರುವ ನಾಲ್ಕೂ ಲೆಕ್ಕ 1/2 + 1/4 ಥರದವೇ ಆಗಿಬಿಟ್ಟರೆ ಕಷ್ಟ. ಅರ್ಧಕ್ಕೆ ಕಾಲು ಸೇರಿದರೆ ಮುಕ್ಕಾಲು ಎಂದು ಮಕ್ಕಳಿಗೆ ಮನೆಯಲ್ಲೇ ಗೊತ್ತು, ಲ.ಸಾ.ಅ. ಬೇಕಾಗುವುದೇ ಇಲ್ಲ. ಹಾಗಾಗಿ ಎರಡು ಲೆಕ್ಕದಲ್ಲಿ ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರಲಿ, ಇನ್ನೆರಡು 2/3 + 3/4 ಥರ ಇರಲಿ ಎಂದು ಇಟ್ಟುಕೊಂಡಿದ್ದೇನೆ. ಆಗ ಮೂರು ಸರಿ ಬರಬೇಕಾದರೆ ಕಷ್ಟದ್ದು ಒಂದಾದರೂ ಸರಿಯಾಗಲೇಬೇಕು. ಆದರೂ ನಾಲ್ಕು ಪ್ರಶ್ನೆಯಿಂದ ಪೂರ್ತಿ ಖಾತ್ರಿಯಾಗುವುದಿಲ್ಲ. ಎರಡಕ್ಕೆ ನಿಂತವರನ್ನು ಬಾಯಲ್ಲಿ ಕೇಳದೆ ನಾನು "ಬರುವುದಿಲ್ಲ" ಎಂದು ಬರೆಯುವುದಿಲ್ಲ.

ಪೋಷಕರು ಹೆಚ್ಚು ಗೊಂದಲಕ್ಕೆ ಬೀಳುವುದು ಗ್ರೇಡ್ ಅಕ್ಷರಗಳಲ್ಲಿ. ಎಷ್ಟೋ ಶಾಲೆಗಳ ಒಳಗಿನ ಪರೀಕ್ಷೆಯಲ್ಲಿ 91ರ ಮೇಲೆ ಬಂದರೆ ಎ1. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲಿ ಹಾಗಲ್ಲ. ಆ ವಿಷಯದಲ್ಲಿ ಪಾಸಾದವರನ್ನೆಲ್ಲ ಸಾಲಾಗಿ ಇಟ್ಟು ಮೇಲಿನ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಎಂಟನೇ ಒಂದು ಭಾಗಕ್ಕೆ ಎ2 ಕೊಡುತ್ತಾರೆ. ಎಲ್ಲರೂ ಚೆನ್ನಾಗಿ ಬರೆದ ವಿಷಯದಲ್ಲಿ 92 ಬಂದರೂ ಎ1 ಸಿಗದೇ ಹೋಗಬಹುದು. ಅಕ್ಷರ ಅದೇ, ಅಳತೆ ಬೇರೆ. ಮಗು ಹಿಂದೆ ಬಿತ್ತು ಎಂದು ಮನೆಯಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ 90 ಶೇಕಡಾ ದಾಟಿದರೆ ಎ ಪ್ಲಸ್, ಅದಕ್ಕೆ ಬೇರೆಯವರ ಅಂಕ ನೋಡುವುದಿಲ್ಲ. ಅದಕ್ಕೇ ಇದನ್ನು ಗುರಿ ನೋಡಿ ಕೊಟ್ಟ ಅಂಕ ಎಂದು ಹಲವರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಅರ್ಧ ಮಾತ್ರ ಸರಿ. ಗಡಿ ಗಟ್ಟಿಯಾಗಿ ನಿಂತಿದೆ, ನಿಜ. ಆದರೆ 90ಕ್ಕೆ ಏನೇನು ಬರಬೇಕು ಎಂದು ಬರೆದಿರದಿದ್ದರೆ ಪ್ರಶ್ನೆಪತ್ರಿಕೆ ಸುಲಭವಾದ ವರ್ಷ ಅದೇ ಮಗುವಿಗೆ ಜಾಸ್ತಿ, ಕಷ್ಟವಾದ ವರ್ಷ ಕಡಿಮೆ.

ರ‍್ಯಾಂಕ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಸಿಇಟಿಯಲ್ಲಿ ಸೀಟು ಇರುವುದು ಇಷ್ಟೇ, ಕೇಳುವವರು ಜಾಸ್ತಿ, ಅಲ್ಲಿ ಸಾಲು ಮಾಡಲೇಬೇಕು. ನನ್ನ ಸಹೋದ್ಯೋಗಿಯೊಬ್ಬರು ಹತ್ತನೇ ತರಗತಿಯವರಿಗೆ ಎರಡನ್ನೂ ಕೊಡುತ್ತಾರೆ, ಆದರೆ ಬೇರೆ ಬೇರೆ ಹಾಳೆಯಲ್ಲಿ. ಏಳನೇ ತರಗತಿಯಲ್ಲಿ ನಾನು ಕೌಶಲದ ಹಾಳೆ ಮಾತ್ರ ಕೊಡುತ್ತೇನೆ. ಯಾರಾದರೂ ಪಟ್ಟು ಹಿಡಿದು ಕೇಳಿದರೆ ಸ್ಥಾನ ಹೇಳುತ್ತೇನೆ, ಜೊತೆಗೆ ಮೇಲಿನವರಿಗೂ ಇವರಿಗೂ ಎಷ್ಟು ಅಂಕದ ಅಂತರ ಅನ್ನುವುದನ್ನೂ ಹೇಳುತ್ತೇನೆ. ಮಧ್ಯದಲ್ಲಿ ಒಂದೇ ಅಂಕದಲ್ಲಿ ಆರೇಳು ಮಕ್ಕಳು ಇರುತ್ತಾರೆ. ವರ್ಷದ ಕೊನೆಗೆ ಆ ಹಾಳೆಗಳು ಎಂಟನೇ ತರಗತಿಯ ಗಣಿತ ಟೀಚರ್ ಕೈಗೆ ಹೋಗುತ್ತವೆ. ಭಾಗಲಬ್ಧ ಸಂಖ್ಯೆಗಳ ಪಾಠ ಶುರು ಮಾಡುವ ಮುಂಚೆ ಅವರು ನೋಡುವುದು ನಾಲ್ಕನೇ ಸಾಲನ್ನು.