ಎಕಾಸ್ ಇಪ್ಪತ್ತು ಅಂದರೆ ಲಾಭವೋ ನಷ್ಟವೋ? ಕಾಳುಮೆಣಸು ಮಾರುವವನ ಲೆಕ್ಕ

ನಾನು ಶಿರಸಿ ಕಡೆಯವನು. ನಮ್ಮ ಮತ್ತು ಅಕ್ಕಪಕ್ಕದ ಅಡಿಕೆ ತೋಟಗಳ ಕಾಳುಮೆಣಸನ್ನು ಜರಡಿ ಹಿಡಿದು, 250 ಗ್ರಾಂ ಪ್ಯಾಕೆಟ್ ಮಾಡಿ ಅಮೆಜಾನ್‌ನಲ್ಲಿ ಮಾರುತ್ತೇನೆ. ಅಲ್ಲಿ ಹುಡುಕಿದಾಗ ಕೆಲವು ಸಾಮಾನುಗಳ ಮೇಲೆ ಸಣ್ಣಕ್ಕೆ Sponsored ಅಂತ ಬರೆದಿರುತ್ತದಲ್ಲ, ಅದು ದುಡ್ಡು ಕೊಟ್ಟು ಹಿಡಿದ ಜಾಗ. ತೋರಿಸುವುದಕ್ಕೆ ದುಡ್ಡಿಲ್ಲ, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ ಹಣ ಹೋಗುತ್ತದೆ. ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಎಷ್ಟು ಕೊಡುತ್ತೇನೆ ಅಂತ ನಾವು ಬಿಡ್ ಹಾಕಬೇಕು.

ಜಾಹೀರಾತಿನ ವರದಿಯಲ್ಲಿ ಎಲ್ಲರ ಕಣ್ಣು ಹೋಗುವುದು ACOS ಅನ್ನುವ ಕಾಲಂಗೆ. ಮಾರಾಟಗಾರರು ಬಾಯಲ್ಲಿ ಎಕಾಸ್ ಅಂತಾರೆ. ಲೆಕ್ಕ ಸುಲಭ:

```
ACOS = ಜಾಹೀರಾತು ಖರ್ಚು ÷ ಜಾಹೀರಾತಿನಿಂದ ಆದ ಮಾರಾಟ × 100
```

ನೂರು ರೂಪಾಯಿ ಮಾಲು ಮಾರಲು ಇಪ್ಪತ್ತು ರೂಪಾಯಿ ಕ್ಲಿಕ್ಕಿಗೆ ಹೋದರೆ ಎಕಾಸ್ 20. "ಇಪ್ಪತ್ತು ಒಳ್ಳೇದಾ?" ಅಂತ ಹೊಸಬರು ಕೇಳುತ್ತಾರೆ. ನಿಮ್ಮ ಪ್ಯಾಕೆಟ್‌ನಲ್ಲಿ ಎಷ್ಟು ಉಳಿಯುತ್ತದೆ ಅಂತ ಗೊತ್ತಿಲ್ಲದೆ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಮೊಬೈಲ್ ಕವರ್ ಮಾರುವವನಿಗೆ 35 ಕೂಡ ಲಾಭ ಇರಬಹುದು. ನನಗೆ 20 ಅಂದರೆ ಕೈಯಿಂದ ಹೋಯಿತು ಅಂತಲೇ.

ಹೇಗೆ ಅಂತ ನೋಡಿ. ಪ್ಯಾಕೆಟ್ ಬೆಲೆ 349 ರೂಪಾಯಿ. ಅದರೊಳಗೆ 5 ಪರ್ಸೆಂಟ್ ಜಿಎಸ್‌ಟಿ ಸೇರಿದೆ, ಅಂದರೆ ಸುಮಾರು 17 ರೂಪಾಯಿ. ಮೆಣಸು ಕೆಜಿಗೆ 680ರ ಲೆಕ್ಕದಲ್ಲಿ 170. ಪೌಚು, ಲೇಬಲ್, ಡಬ್ಬಿ ಸೇರಿ 16. ಮಾರ್ಕೆಟ್‌ಪ್ಲೇಸ್ ಕಮಿಷನ್ ಮತ್ತು ಶಿಪ್ಪಿಂಗ್ ಸೇರಿ 76. ವಾಪಸ್ ಬಂದದ್ದು, ಒಡೆದದ್ದು ಅಂತ ಸರಾಸರಿ 6. ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು 64. ಅದನ್ನು 349ರಿಂದ ಭಾಗಿಸಿದರೆ 18.3 ಪರ್ಸೆಂಟ್. ಇದೇ ನನ್ನ ಗಡಿ. ಎಕಾಸ್ ಇದಕ್ಕಿಂತ ಮೇಲೆ ಹೋದರೆ ಆ ಮಾರಾಟ ನಷ್ಟದ್ದು.

ಈ ಗಡಿ ಒಂದೇ ಕಡೆ ನಿಲ್ಲುವುದಿಲ್ಲ. ಮೆಣಸಿನ ಧಾರಣೆ ಕೆಜಿಗೆ 80 ರೂಪಾಯಿ ಏರಿದರೆ ಪ್ಯಾಕೆಟ್‌ಗೆ 20 ರೂಪಾಯಿ ಜಾಸ್ತಿ ಬೀಳುತ್ತದೆ. 64 ಹೋಗಿ 44 ಆಗುತ್ತದೆ, ಗಡಿ 12.6ಕ್ಕೆ ಇಳಿಯುತ್ತದೆ. ಪರದೆ ಮೇಲೆ ಮಾತ್ರ ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಅಡಿಕೆ ಮಂಡಿಯಲ್ಲಿ ಏನಾಗುತ್ತಿದೆ ಅಂತ ಆ ವರದಿಗೆ ಏನು ಗೊತ್ತು? ಅದಕ್ಕೇ ಮೆಣಸಿನ ಹೊಸ ಲಾಟ್ ಕೊಂಡ ದಿನವೇ ಗಡಿಯನ್ನು ಮತ್ತೆ ಲೆಕ್ಕ ಹಾಕುತ್ತೇನೆ.

ಬಿಡ್ ಎಷ್ಟು ಹಾಕಬೇಕು ಅನ್ನುವುದೂ ಈ ಗಡಿಯಿಂದಲೇ ಬರುತ್ತದೆ. ನನ್ನ ಪುಟಕ್ಕೆ ಬಂದ ನೂರು ಕ್ಲಿಕ್‌ನಲ್ಲಿ ಸುಮಾರು ಎಂಟು ಆರ್ಡರ್ ಆಗುತ್ತವೆ. ಹಾಗಾದರೆ:

```
ಬಿಡ್ = ಬೆಲೆ × ಗಡಿ × ಆರ್ಡರ್ ಪ್ರಮಾಣ
     = 349 × 0.18 × 0.08
     = ಸುಮಾರು ₹5
```

ಐದು ರೂಪಾಯಿಗಿಂತ ಮೇಲೆ ಹೋದರೆ ಲೆಕ್ಕ ಕೂಡುವುದಿಲ್ಲ. ಅಮೆಜಾನ್ ಪಕ್ಕದಲ್ಲೇ ಒಂದು ಬಿಡ್ ಸೂಚಿಸುತ್ತದೆ. ಅದು ಉಳಿದವರು ಎಷ್ಟು ಹಾಕುತ್ತಿದ್ದಾರೆ ಅನ್ನುವುದರ ಅಂದಾಜು ಅಷ್ಟೇ, ನಿಮಗೆ ಎಷ್ಟು ತಾಳುತ್ತದೆ ಅನ್ನುವುದಲ್ಲ. ಇನ್ನೊಂದು ಮಾತು: ಜಾಹೀರಾತು ಬಿಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಬರುತ್ತದೆ. ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಲು ಕ್ರೆಡಿಟ್ ಸಿಗುತ್ತದೆ, ಆದರೆ ದುಡ್ಡು ಮೊದಲು ಹೋಗುತ್ತದೆ.

ಈಗ ಒಂದು ತಿಂಗಳ ವರದಿಯನ್ನು ಬಿಡಿಸಿ ತೋರಿಸುತ್ತೇನೆ. ಆ ತಿಂಗಳು ಆಟೊಮ್ಯಾಟಿಕ್ ಕ್ಯಾಂಪೇನ್ ಓಡುತ್ತಿತ್ತು. ಯಾವ ಹುಡುಕಾಟಕ್ಕೆ ನಮ್ಮ ಮಾಲು ತೋರಿಸಬೇಕು ಅಂತ ಅದರಲ್ಲಿ ಅಮೆಜಾನ್ ತಾನೇ ತೀರ್ಮಾನ ಮಾಡುತ್ತದೆ. ಖರ್ಚು 4,200 ರೂಪಾಯಿ, ಆರ್ಡರ್ 60, ಮಾರಾಟ 20,940. ಎಕಾಸ್ ಸರಿಯಾಗಿ 20. ಅರವತ್ತು ಪ್ಯಾಕೆಟ್‌ನಲ್ಲಿ ಉಳಿಯಬೇಕಾದ್ದು 3,840, ಖರ್ಚು 4,200. ಅಂದರೆ 360 ರೂಪಾಯಿ ನಷ್ಟ. ಹೊಸ ಲಿಸ್ಟಿಂಗ್‌ಗೆ ಅಂದರೆ ಅಮೆಜಾನ್‌ನಲ್ಲಿನ ನನ್ನ ಮಾಲಿನ ಪುಟಕ್ಕೆ ನಾಲ್ಕು ರಿವ್ಯೂ ಬರಲಿ, ಜನ ಏನು ಟೈಪ್ ಮಾಡಿ ಬರುತ್ತಾರೆ ಅಂತ ತಿಳಿಯಲಿ ಅಂತ ಮೊದಲೇ ಎತ್ತಿಟ್ಟ ದುಡ್ಡು ಅದು, ಹಾಗಾಗಿ ಗಾಬರಿ ಏನಿರಲಿಲ್ಲ.

ನಿಜವಾದ ಸರಕು ಇರುವುದು Search term ವರದಿಯಲ್ಲಿ. ಗಿರಾಕಿ ಬೆರಳಲ್ಲಿ ಒತ್ತಿದ ಪದಗಳೇ ಅಲ್ಲಿ ಸಾಲಾಗಿ ಸಿಗುತ್ತವೆ. ನನ್ನ ವರದಿಯಲ್ಲಿ ಮೇಲಿದ್ದದ್ದು `kali mirch sabut`, ಅಂದರೆ ಇಡೀ ಕಾಳುಮೆಣಸು. 210 ಕ್ಲಿಕ್, 945 ರೂಪಾಯಿ, 21 ಆರ್ಡರ್, ಎಕಾಸ್ 13ಕ್ಕಿಂತ ಕಮ್ಮಿ. ಇದು ಚಿನ್ನ. ಅದರ ಕೆಳಗೆ `kali mirch 1kg`: 600 ರೂಪಾಯಿ ಹೋಗಿದೆ, ಬಂದದ್ದು ಮೂರೇ ಆರ್ಡರ್. ಒಂದು ಕೆಜಿ ಬೇಕಾದವನು ಬಂದು 250 ಗ್ರಾಂ ನೋಡಿ ವಾಪಸ್ ಹೋಗುತ್ತಾನೆ, ಅಲ್ವಾ? `black pepper powder`ಗೆ 475 ರೂಪಾಯಿ, ಎರಡು ಆರ್ಡರ್. ಆ ಎರಡು ಪ್ಯಾಕೆಟ್ ಕೊಂಡವರು ಪುಡಿ ಅಂತಲೇ ತಿಳಿದು ಕೊಂಡರೇನೋ! ಕೊನೆಗೆ `pepper spray for girls` ಕೂಡ ಇತ್ತು. 11 ಕ್ಲಿಕ್, 40 ರೂಪಾಯಿ. ಹುಡುಗಿಯರ ರಕ್ಷಣೆಗೆ ನಮ್ಮ ಶಿರಸಿ ಮೆಣಸು.

ಪುಡಿ, ಸ್ಪ್ರೇ, ಗ್ರೈಂಡರ್, ಒಂದು ಕೆಜಿ ಇವನ್ನೆಲ್ಲ ನೆಗೆಟಿವ್ ಪದ ಅಂತ ಹಾಕಿದೆ, ಅಂದರೆ ಇವನ್ನು ಹುಡುಕಿದವರಿಗೆ ನನ್ನ ಜಾಹೀರಾತು ತೋರಿಸಬೇಡ ಅಂತ. `1kg` ಮತ್ತು `1 kg` ಎರಡನ್ನೂ ಬೇರೆಬೇರೆಯಾಗಿ ಹಾಕಬೇಕು. ಎಚ್ಚರ ಬೇಕಾದ ಜಾಗ ಇದು. `mirch` ಅನ್ನುವ ಒಂದೇ ಪದವನ್ನು ನೆಗೆಟಿವ್ ಫ್ರೇಸ್ ಮಾಡಿದರೆ ಆ ಪದ ಇರುವ ಎಲ್ಲ ಹುಡುಕಾಟವೂ ನಿಂತು `kali mirch sabut` ಕೂಡ ಸತ್ತು ಹೋಗುತ್ತದೆ. ಇಷ್ಟು ಕಳೆ ಕಿತ್ತದ್ದಕ್ಕೆ 1,115 ರೂಪಾಯಿ ಉಳಿಯಿತು, ಐದು ಆರ್ಡರ್ ಹೋಯಿತು. 360ರ ನಷ್ಟ 435ರ ಲಾಭಕ್ಕೆ ತಿರುಗುವ ಲೆಕ್ಕ ಅದು.

ಒಂದು ಪದವನ್ನು ಯಾವಾಗ ನಿಲ್ಲಿಸಬೇಕು? ಹತ್ತು ಕ್ಲಿಕ್ ಆಯಿತು, ಒಂದೂ ಆರ್ಡರ್ ಇಲ್ಲ ಅಂತ ಕೆಲವರು ತಕ್ಷಣ ಕಿತ್ತು ಹಾಕುತ್ತಾರೆ. ಅದು ಅವಸರ. ನೂರಕ್ಕೆ ಎಂಟರ ಪ್ರಮಾಣ ಅಂದರೆ ಒಂದು ಆರ್ಡರ್‌ಗೆ ಸರಾಸರಿ ಹನ್ನೆರಡು ಹದಿಮೂರು ಕ್ಲಿಕ್ ಬೇಕೇ ಬೇಕು. ಒಳ್ಳೆ ಪದಕ್ಕೂ ಹತ್ತು ಕ್ಲಿಕ್ ಖಾಲಿ ಹೋಗುವ ಸಾಧ್ಯತೆ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ. 36 ಕ್ಲಿಕ್ ಖಾಲಿ ಹೋಗುವ ಸಾಧ್ಯತೆ ಮಾತ್ರ ನೂರಕ್ಕೆ ಐದರಷ್ಟು. ಹಾಗಾಗಿ ಮಾಲಿಗೆ ಸಂಬಂಧ ಇರುವ ಪದವಾದರೆ 36ರವರೆಗೆ ಕಾಯುತ್ತೇನೆ, ಆಮೇಲೆ ಮುಲಾಜಿಲ್ಲ. ಪೆಪ್ಪರ್ ಸ್ಪ್ರೇ ಥರದ್ದಕ್ಕೆ ಒಂದು ಕ್ಲಿಕ್ ಕೂಡ ಕಾಯಬೇಕಿಲ್ಲ. ಇನ್ನೊಂದು ವಿಷಯ, ಕ್ಲಿಕ್ ಮಾಡಿದ ಏಳು ದಿನದೊಳಗೆ ಕೊಂಡರೂ ಅದು ಜಾಹೀರಾತಿನ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಕಳೆದ ಏಳು ದಿನದ ಎಕಾಸ್ ಯಾವಾಗಲೂ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಆ ವಾರವನ್ನು ಬಿಟ್ಟು ಹಿಂದಿನದನ್ನು ನೋಡಿ.

ಕೆಟ್ಟ ಪದ ಎದ್ದು ಕಾಣುತ್ತದೆ, ಅದರ ಕಥೆ ಅಷ್ಟೇ. ನನಗೆ ಜಾಸ್ತಿ ಅನುಮಾನ ಇರುವುದು ತುಂಬಾ ಚಂದ ಕಾಣುವ ಪದದ ಮೇಲೆ. ಅದೇ ತಿಂಗಳಲ್ಲಿ ನನ್ನ ಬ್ರ್ಯಾಂಡ್ ಹೆಸರನ್ನೇ ಟೈಪ್ ಮಾಡಿ ಬಂದವರ 14 ಆರ್ಡರ್ ಇತ್ತು. ಖರ್ಚು ಬರೀ 195 ರೂಪಾಯಿ, ಎಕಾಸ್ 4. ಆದರೆ ಹೆಸರು ಹಿಡಿದು ಹುಡುಕಿದವನು ಹಿಂದೆ ಕೊಂಡವನೋ, ಯಾರೋ ಹೇಳಿ ಕಳಿಸಿದವನೋ ಇರಬೇಕು. ಮೇಲಿನ ಜಾಹೀರಾತು ಇಲ್ಲದಿದ್ದರೆ ಕೆಳಗಿನ ಸಾಲಿನಲ್ಲಿ ನನ್ನನ್ನೇ ಒತ್ತುತ್ತಿದ್ದ. ಆ 14 ಆರ್ಡರ್ ತೆಗೆದಿಟ್ಟು ಉಳಿದದ್ದರ ಲೆಕ್ಕ ಹಾಕಿದರೆ ಎಕಾಸ್ 20 ಅಲ್ಲ, 25. ಸ್ವಂತ ಹೆಸರಿಗೆ ಜಾಹೀರಾತು ನಿಲ್ಲಿಸಿದೆ, ಆ ಆರ್ಡರ್‌ಗಳು ಮಾಮೂಲಿಯಾಗಿ ಬರುತ್ತಲೇ ಇದ್ದವು. ದೊಡ್ಡ ಬ್ರ್ಯಾಂಡ್‌ಗಳಿಗೆ ಎದುರಾಳಿಗಳು ಅವರ ಹೆಸರಿನ ಮೇಲೇ ಬಿಡ್ ಹಾಕುತ್ತಾರೆ, ಅವರು ಕಾಯ್ದುಕೊಳ್ಳಬೇಕಾಗುತ್ತದೆ. ನನ್ನ ಹೆಸರಿನ ಮೇಲೆ ಯಾರು ಹಾಕುತ್ತಾರೆ?

ಇದೇ ಪ್ರಶ್ನೆಯನ್ನು ಇಡೀ ಜಾಹೀರಾತಿಗೂ ಕೇಳಬೇಕು. ರಿವ್ಯೂ ಬಂದು, ಲಿಸ್ಟಿಂಗ್ ತಾನಾಗಿ ಮೇಲೆ ಕಾಣಲು ಶುರುವಾದ ಮೇಲೆ ನನ್ನ ವಾರದ ಮಾರಾಟ 30 ಪ್ಯಾಕೆಟ್ ಆಸುಪಾಸು ನಿಂತಿತು. ಅದರಲ್ಲಿ 11 ಜಾಹೀರಾತಿನಿಂದ ಬಂದದ್ದು ಅಂತ ವರದಿ ಹೇಳುತ್ತಿತ್ತು. ವಾರದ ಖರ್ಚು 560, ಎಕಾಸ್ 14.6. ಗಡಿಗಿಂತ ಕೆಳಗೆ, ಅಂದರೆ ಕಾಗದದ ಮೇಲೆ ವಾರಕ್ಕೆ 144 ರೂಪಾಯಿ ಲಾಭ. ಹಬ್ಬ, ಸೇಲ್ ಯಾವುದೂ ಇಲ್ಲದ ಎರಡು ವಾರ ನೋಡಿ, ಬೆಲೆ ಮುಟ್ಟದೆ, ಜಾಹೀರಾತನ್ನು ಮಾತ್ರ ನಿಲ್ಲಿಸಿ ಇಟ್ಟೆ. 11 ಆರ್ಡರ್ ಹೋಗಿ 19 ಉಳಿಯಬೇಕಿತ್ತು. ಉಳಿದದ್ದು ವಾರಕ್ಕೆ 25. ಜಾಹೀರಾತು ನಿಜವಾಗಿ ತರುತ್ತಿದ್ದದ್ದು ಐದೇ ಪ್ಯಾಕೆಟ್. ಐದರಲ್ಲಿ ಉಳಿಯುವುದು 320, ಕೊಡುತ್ತಿದ್ದದ್ದು 560. ಆ ಐದರ ಮೇಲೆ ಲೆಕ್ಕ ಹಾಕಿದರೆ ಎಕಾಸ್ 32!

ಈ ಪರೀಕ್ಷೆಗೆ ಒಂದು ಮಿತಿ ಇದೆ. ಜಾಹೀರಾತಿನಿಂದ ಆದ ಮಾರಾಟವೂ ಲಿಸ್ಟಿಂಗ್ ಮೇಲೇರಲು ಸಹಾಯ ಮಾಡುತ್ತದೆ, ಆ ಫಲ ಎರಡು ವಾರದಲ್ಲಿ ಪೂರ್ತಿ ಇಳಿಯುವುದಿಲ್ಲ. ಅದಕ್ಕೇ ಜಾಹೀರಾತು ನಿಲ್ಲಿಸಿದ ಮೇಲೂ ಒಂದೆರಡು ತಿಂಗಳು ಒಟ್ಟು ಪ್ಯಾಕೆಟ್ ಎಣಿಸುತ್ತಿರಬೇಕು. ಹೊಸ ಲಿಸ್ಟಿಂಗ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ಅಲ್ಲಿ ತಾನಾಗಿ ಬರುವ ಮಾರಾಟವೇ ಇರುವುದಿಲ್ಲ. ವಾರಕ್ಕೆ ನಾಲ್ಕೈದು ಪ್ಯಾಕೆಟ್ ಹೋಗುವ ಮಾಲಿನಲ್ಲೂ ಸುಮ್ನೆ ಏರಿಳಿತವೇ ಅಷ್ಟಿರುತ್ತದೆ, ಏನೂ ತಿಳಿಯುವುದಿಲ್ಲ.

ಆಮೇಲೆ ಆಟೊಮ್ಯಾಟಿಕ್ ಕ್ಯಾಂಪೇನ್ ಮತ್ತೆ ಆನ್ ಮಾಡಲಿಲ್ಲ. `kali mirch sabut` ಒಂದನ್ನು ಎಕ್ಸಾಕ್ಟ್ ಆಗಿ, ಅಂದರೆ ಅದೇ ಪದ ಹುಡುಕಿದವರಿಗೆ ಮಾತ್ರ ಕಾಣುವಂತೆ, ಬಿಡ್ ಮೂರೂವರೆಗೆ ಇಳಿಸಿ ಇಟ್ಟೆ. ಜೊತೆಗೆ ಬಂಗಾಳಿಗಳ `gol morich`, ತೆಲುಗರ `miriyalu`, ತಮಿಳರ `milagu`. ಈ ಹೆಸರುಗಳಿಗೆ ದೊಡ್ಡ ಮಸಾಲೆ ಕಂಪನಿಗಳ ಪೈಪೋಟಿ ನನಗೆ ಅಷ್ಟಾಗಿ ಕಂಡಿಲ್ಲ, ಕ್ಲಿಕ್ ಅಗ್ಗಕ್ಕೆ ಸಿಗುತ್ತದೆ. ಕ್ಲಿಕ್ ಸಂಖ್ಯೆ ಕಮ್ಮಿ, ಆದರೆ ಬಂದವರು ಕೊಳ್ಳುತ್ತಾರೆ. ಸ್ಟಾಕ್ ಹತ್ತು ದಿನಕ್ಕಿಂತ ಕಮ್ಮಿ ಉಳಿದರೆ ಇದನ್ನೂ ನಿಲ್ಲಿಸುತ್ತೇನೆ. ತಾನಾಗಿ ಖಾಲಿಯಾಗುವ ಮಾಲಿಗೆ ಕ್ಲಿಕ್ ಯಾಕೆ ಕೊಳ್ಳಬೇಕು? ಕೊಯ್ಲು ಮುಗಿದು ಹೊಸ ಮೆಣಸು ಒಣಗಿ ಬಂದಾಗ, ಆ ಲಾಟಿನ ಧಾರಣೆ ಹಾಕಿ ಗಡಿ ಲೆಕ್ಕ ಮಾಡಿ, ಅದು 15ಕ್ಕಿಂತ ಮೇಲಿದ್ದರೆ ಮಾತ್ರ ಮತ್ತೆ ಆನ್ ಮಾಡುತ್ತೇನೆ.