ಒಂದೇ ರೇಟಿನ ತೆರಿಗೆಯೋ, ಸ್ಲ್ಯಾಬ್ ತೆರಿಗೆಯೋ: ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ

ನಿಮ್ಮ ಸಂಬಳದ ಚೀಟಿಯಲ್ಲಿ ಕಡಿತದ ಕಾಲಂ ನೋಡಿ. ಪಿ.ಟಿ. ಎಂದು 200 ರೂಪಾಯಿ ಇರುತ್ತದೆ. ಇದು ಕರ್ನಾಟಕದ ವೃತ್ತಿ ತೆರಿಗೆ. ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500. ತಿಂಗಳಿಗೆ 26,000 ಎಣಿಸುವ ಗುಮಾಸ್ತರಿಗೂ ಇಷ್ಟೇ, 3 ಲಕ್ಷ ಎಣಿಸುವ ಅವರ ಮ್ಯಾನೇಜರ್‌ಗೂ ಇಷ್ಟೇ. ಅದರ ಕೆಳಗಿನ ಸಾಲು ಟಿಡಿಎಸ್. ಅದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ, ಯಾಕೆಂದರೆ ಅಲ್ಲಿ ಆದಾಯ ಏರಿದಂತೆ ರೇಟೂ ಏರುತ್ತದೆ.

ಫ್ಲಾಟ್ ಟ್ಯಾಕ್ಸ್ ಈ ಎರಡು ಸಾಲುಗಳ ನಡುವಿನದು. ಮೊತ್ತ ಎಲ್ಲರಿಗೂ ಒಂದೇ ಅಲ್ಲ, ರೇಟ್ ಒಂದೇ. "ಎಲ್ಲರೂ 10 ಪರ್ಸೆಂಟ್ ಕಟ್ಟಿ ಕೈತೊಳೆದುಕೊಳ್ಳೋಣ, ಈ ಸ್ಲ್ಯಾಬ್ ಗೋಜಲು ಯಾಕೆ?" ಎನ್ನುವ ಮಾತು ಪ್ರತಿ ಬಜೆಟ್ ಹೊತ್ತಿಗೆ ಕೇಳಿಬರುತ್ತದೆ. ಮಾತು ಸರಿಯೋ ತಪ್ಪೋ ಎಂದು ವಾದಿಸುವ ಮೊದಲು ಲೆಕ್ಕ ಹಾಕೋಣ.

ಮೊದಲು ಈಗಿನ ಲೆಕ್ಕ

ಮೂರು ಅಂತಸ್ತಿನ ಒಂದು ಮನೆ ಅಂದುಕೊಳ್ಳಿ. ಕೆಳಗೆ ಮೇಷ್ಟ್ರು, ನಡುವೆ ಬ್ಯಾಂಕ್ ಮ್ಯಾನೇಜರ್, ಮೇಲೆ ಡಾಕ್ಟರ್. ಎಲ್ಲ ಕಡಿತ ಕಳೆದ ಮೇಲೆ ಅವರ ತೆರಿಗೆ ಬೀಳುವ ಆದಾಯ 8 ಲಕ್ಷ, 16 ಲಕ್ಷ, 40 ಲಕ್ಷ. ಒಟ್ಟು 64 ಲಕ್ಷ. 4 ಪರ್ಸೆಂಟ್ ಸೆಸ್ ಅನ್ನು ಇಲ್ಲಿ ಬಿಟ್ಟಿದ್ದೇನೆ.

2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲಿನ ಪ್ರತಿ 4 ಲಕ್ಷಕ್ಕೂ ರೇಟ್ 5, 10, 15, 20, 25 ಎಂದು ಮೆಟ್ಟಿಲು ಹತ್ತುತ್ತದೆ. 24 ಲಕ್ಷ ದಾಟಿದ್ದಕ್ಕೆ 30. ಇಲ್ಲಿ ಬಹಳ ಜನ ಎಡವುತ್ತಾರೆ. ಡಾಕ್ಟರ್ 30ರ ಸ್ಲ್ಯಾಬಿನಲ್ಲಿದ್ದಾರೆ ಎಂದರೆ ಪೂರ್ತಿ 40 ಲಕ್ಷಕ್ಕೆ 30 ಪರ್ಸೆಂಟ್ ಅಲ್ಲ, 24 ಲಕ್ಷದ ಮೇಲಿನ 16 ಲಕ್ಷಕ್ಕೆ ಮಾತ್ರ.

ಹಾಗೆ ಕೂಡಿದರೆ ಡಾಕ್ಟರಿಗೆ ಮೊದಲ 24 ಲಕ್ಷಕ್ಕೆ 3 ಲಕ್ಷ, ಮೇಲಿನ 16 ಲಕ್ಷಕ್ಕೆ 4.8 ಲಕ್ಷ, ಒಟ್ಟು 7.8 ಲಕ್ಷ. ಮ್ಯಾನೇಜರ್‌ಗೆ 20, 40, 60 ಸಾವಿರ ಸೇರಿ 1.2 ಲಕ್ಷ. ಮೇಷ್ಟ್ರಿಗೆ 20 ಸಾವಿರ ಬರುತ್ತದೆ, ಆದರೆ 12 ಲಕ್ಷದವರೆಗಿನವರಿಗೆ ಸಿಗುವ ರಿಬೇಟ್‌ನಲ್ಲಿ ಅದು ಸೊನ್ನೆ. ಇಡೀ ಮನೆಯಿಂದ ಸರ್ಕಾರಕ್ಕೆ 9 ಲಕ್ಷ.

ಈಗ ಒಂದೇ ರೇಟ್ ಹಾಕಿ

10 ಪರ್ಸೆಂಟ್ ಹಾಕಿದರೆ ಬರುವುದು 6.4 ಲಕ್ಷ. 2.6 ಲಕ್ಷ ಖೋತಾ. ಇದನ್ನು ತುಂಬುವವರು ಯಾರು ಎಂದು ಹೇಳದೆ ರೇಟ್ ಮಾತಾಡಿದರೆ ಅದು ಸುಮ್ನೆ ಮಾತು. ಹಾಗಾಗಿ ಅದೇ 9 ಲಕ್ಷ ಬರಬೇಕು ಎಂದು ಹಟ ಹಿಡಿಯಿರಿ. 9ನ್ನು 64ರಿಂದ ಭಾಗಿಸಿದರೆ ರೇಟ್ 14ಕ್ಕಿಂತ ಚೂರು ಜಾಸ್ತಿ. ಮೇಷ್ಟ್ರು 1,12,500, ಮ್ಯಾನೇಜರ್ 2,25,000, ಡಾಕ್ಟರ್ 5,62,500 ಕಟ್ಟಬೇಕು. ಸೊನ್ನೆ ಕಟ್ಟುತ್ತಿದ್ದ ಮೇಷ್ಟ್ರಿಗೆ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿಯೇ ಹೋಯಿತು.

ಇದು ಅನ್ಯಾಯ ಅಲ್ವಾ? ಫ್ಲಾಟ್ ಟ್ಯಾಕ್ಸ್ ಬೆಂಬಲಿಸುವವರೂ ಇದನ್ನು ಒಪ್ಪುತ್ತಾರೆ. ಅದಕ್ಕೇ ಅವರಲ್ಲಿ ಹೆಚ್ಚಿನವರು ಒಂದು ಮಿತಿಯವರೆಗೆ ವಿನಾಯಿತಿ ಕೊಟ್ಟು, ಅದರ ಮೇಲೆ ಮಾತ್ರ ಒಂದೇ ರೇಟ್ ಹಾಕಬೇಕು ಅನ್ನುತ್ತಾರೆ. ಅದನ್ನೂ ನೋಡೋಣ. ಎಲ್ಲರಿಗೂ 8 ಲಕ್ಷ ಬಿಡಿ. ತೆರಿಗೆಗೆ ಉಳಿಯುವುದು ಮ್ಯಾನೇಜರ್‌ನ 8 ಲಕ್ಷ, ಡಾಕ್ಟರ್‌ನ 32 ಲಕ್ಷ, ಕೂಡಿ 40 ಲಕ್ಷ. ಅದರಲ್ಲಿ 9 ಲಕ್ಷ ಬರಬೇಕಾದರೆ ರೇಟ್ 22.5 ಆಗಬೇಕು. ಮೇಷ್ಟ್ರು ಬಚಾವಾದರು. ಡಾಕ್ಟರ್ 7.2 ಲಕ್ಷ ಕಟ್ಟುತ್ತಾರೆ, 60 ಸಾವಿರ ಉಳಿತಾಯ. ಆ 60 ಸಾವಿರ ಎಲ್ಲಿಂದ ಬಂತು? ಮ್ಯಾನೇಜರ್ 1.2 ಲಕ್ಷದ ಬದಲು 1.8 ಲಕ್ಷ ಕಟ್ಟಿದರು.

ನನ್ನ ಮಟ್ಟಿಗೆ ಈ ಲೆಕ್ಕದಲ್ಲಿ ನೋಡಬೇಕಾದದ್ದು ಇದನ್ನೇ. ಬಡವರಿಗೆ ಅನ್ಯಾಯ ಎನ್ನುವ ದೂರನ್ನು ವಿನಾಯಿತಿ ಕೊಟ್ಟು ಸರಿಪಡಿಸಬಹುದು. ಆದರೆ ಕೆಳಗಿನವರನ್ನು ಬಿಟ್ಟು, ಮೇಲಿನವರಿಗೆ ರೇಟ್ ಇಳಿಸಿ, ಒಟ್ಟು ಮೊತ್ತ ಅಷ್ಟೇ ಇರಲಿ ಎಂದರೆ ಹೊರೆ ನಡುಮನೆಗೇ ಇಳಿಯುತ್ತದೆ. ಈ ಸ್ಕೀಮಿನಲ್ಲಿ ತಿರುವು ಇರುವುದು 32 ಲಕ್ಷದಲ್ಲಿ. ಅಲ್ಲಿ ಎರಡೂ ಪದ್ಧತಿಯಲ್ಲಿ ತೆರಿಗೆ 5.4 ಲಕ್ಷ. ಅದಕ್ಕಿಂತ ಮೇಲಿದ್ದವರಿಗೆ ಲಾಭ, 8ರಿಂದ 32 ಲಕ್ಷದ ನಡುವಿನವರಿಗೆ ನಷ್ಟ.

ಸರಳತೆ ಎಲ್ಲಿದೆ?

ಸ್ಲ್ಯಾಬ್ ಲೆಕ್ಕ ಕಷ್ಟ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ಮೂರು ಜನರದ್ದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದೆವು. ಜನ ಆಡಿಟರ್ ಹತ್ತಿರ ಓಡುವುದು ಬೇರೆ ಕಾರಣಕ್ಕೆ. ಮನೆ ಬಾಡಿಗೆಯಲ್ಲಿ ಎಷ್ಟು ಕಳೆಯಬಹುದು, ಕ್ಲಿನಿಕ್‌ನ ಕಾರು ಖರ್ಚೋ ಅಲ್ಲವೋ, ಸೈಟ್ ಮಾರಿದ್ದರಲ್ಲಿ ಲಾಭ ಎಷ್ಟು ಎಂಬ ಪ್ರಶ್ನೆಗಳಿಗೆ. ರೇಟ್ ಒಂದಾದರೂ ಆ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಆದರೆ ಮೆಟ್ಟಿಲ ಪದ್ಧತಿಗೆ ರಿಬೇಟ್ ಅಂಟಿಸಿದಾಗ ನಿಜವಾಗಿ ತೊಡಕಾಗುವ ಒಂದು ಜಾಗ ಇದೆ. ತೆರಿಗೆ ಬೀಳುವ ಆದಾಯ 12 ಲಕ್ಷ ಆದರೆ ತೆರಿಗೆ ಸೊನ್ನೆ. 12,10,000 ಆದರೆ ಸ್ಲ್ಯಾಬ್ ಲೆಕ್ಕದಲ್ಲಿ 61,500 ಬರುತ್ತದೆ. 10 ಸಾವಿರ ಹೆಚ್ಚು ದುಡಿದದ್ದಕ್ಕೆ 61 ಸಾವಿರ ಕಟ್ಟುವುದು ಹುಚ್ಚಾಟ ಎಂದು ಕಾನೂನಿನಲ್ಲೇ ಒಂದು ರಿಯಾಯಿತಿ ಇಟ್ಟಿದ್ದಾರೆ: 12 ಲಕ್ಷ ದಾಟಿದಷ್ಟಕ್ಕಿಂತ ಹೆಚ್ಚು ತೆರಿಗೆ ಇಲ್ಲ. ಅಂದರೆ ಆ 10 ಸಾವಿರ ಪೂರ್ತಿ ಸರ್ಕಾರಕ್ಕೆ. ಸುಮಾರು 12.70 ಲಕ್ಷದವರೆಗೂ ಇದೇ ಕಥೆ. ಇಲ್ಲಿ ಸಿಕ್ಕ ಇನ್‌ಕ್ರಿಮೆಂಟ್ ಕೈಗೆ ಬರುವುದೇ ಇಲ್ಲ. ಮಿತಿಯ ಮೇಲಿನದಕ್ಕಷ್ಟೇ ರೇಟ್ ಹಾಕುವ ಫ್ಲಾಟ್ ಟ್ಯಾಕ್ಸ್‌ನಲ್ಲಿ ಈ ಕಾಟ ಇಲ್ಲ. ಅದಕ್ಕೆ ಈ ಅಂಕ ಕೊಡಲೇಬೇಕು.

ಬೊಕ್ಕಸಕ್ಕೆ ಜಾಸ್ತಿ ಬರುತ್ತದಾ?

ರೇಟ್ ಇಳಿಸಿದರೆ ಕದಿಯುವವರೂ ಕಟ್ಟುತ್ತಾರೆ ಎಂಬ ವಾದಕ್ಕೆ ಎಲ್ಲರೂ ರಷ್ಯಾ ತೋರಿಸುತ್ತಾರೆ. 12, 20, 30 ಎಂದಿದ್ದ ಮೂರು ರೇಟುಗಳನ್ನು ಅದು 2001ರಲ್ಲಿ 13ಕ್ಕೆ ಇಳಿಸಿತು. ಸಂಗ್ರಹ ಏರಿದ್ದು ನಿಜ. ಆದರೆ ಆ ವರ್ಷಗಳಲ್ಲಿ ಅಲ್ಲಿ ಸಂಬಳಗಳೂ ಏರುತ್ತಿದ್ದವು. 2005ರಲ್ಲಿ ಐಎಂಎಫ್‌ನ ಅರ್ಥಶಾಸ್ತ್ರಜ್ಞರು ಪರಿಶೀಲಿಸಿದಾಗ ತೆರಿಗೆ ಕಟ್ಟುವಿಕೆ ಸುಧಾರಿಸಿದ್ದು ಕಂಡಿತು, ಅದು ರೇಟ್ ಇಳಿಸಿದ್ದರಿಂದಲೋ ಅಧಿಕಾರಿಗಳು ಬಿಗಿ ಮಾಡಿದ್ದರಿಂದಲೋ ತಿಳಿಯಲಿಲ್ಲ. 2021ರಲ್ಲಿ ದೊಡ್ಡ ಆದಾಯಕ್ಕೆ 15 ಬಂತು. 2025ರಿಂದ 13ರಿಂದ 22ರವರೆಗೆ ಐದು ಮೆಟ್ಟಿಲು. ಆದರೆ 1994ರಲ್ಲಿ ಫ್ಲಾಟ್‌ಗೆ ಹೋದ ಎಸ್ಟೋನಿಯಾ ಈಗಲೂ ಒಂದೇ ರೇಟಿಗೆ ಅಂಟಿಕೊಂಡಿದೆ.

ಕೊನೆಗೆ ನಮ್ಮ ಡಾಕ್ಟರ್ ಹತ್ತಿರ ವಾಪಸ್ ಹೋಗೋಣ. ಅವರ 40 ಲಕ್ಷದಲ್ಲಿ 10 ಲಕ್ಷ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಷೇರಿನ ಲಾಭ ಅಂದುಕೊಳ್ಳಿ. ಆ ಲಾಭಕ್ಕೆ ಸ್ಲ್ಯಾಬ್ ಇಲ್ಲ. 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ 12.5 ಪರ್ಸೆಂಟ್ ಫ್ಲಾಟ್, ಅಂದರೆ 1,09,375. ದುಡಿಮೆಯ 30 ಲಕ್ಷಕ್ಕೆ ಸ್ಲ್ಯಾಬಿನಂತೆ 4.8 ಲಕ್ಷ. ಕೂಡಿದರೆ 5,89,375. ವಿನಾಯಿತಿಯೇ ಇಲ್ಲದ 14 ಪರ್ಸೆಂಟ್ ಲೆಕ್ಕದಲ್ಲಿ ಅವರು ಕಟ್ಟಬೇಕಾಗಿದ್ದದ್ದು 5,62,500.